ಫೋಟೊದಲ್ಲಿರುವ ಸ್ವರಲಿಪಿಯನ್ನು ಟೈಪ್ ಮಾಡುವಾಗ ಸಾಹಿತ್ಯ ಜಾರದಂತೆ ಕೂರಿಸುವುದು ಹೇಗೆ?

ಪ್ರಶ್ನೆ: ನಮ್ಮ ಗುರುಗಳ ಹತ್ತಿರ ಇರುವ ಹಳೆಯ ಸ್ವರಲಿಪಿ ಪುಸ್ತಕದ ಸುಮಾರು 60 ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡಿದ್ದೇನೆ. ಗೀತೆ, ಸ್ವರಜತಿ, ಕೆಲವು ವರ್ಣ, ಕೊನೆಯಲ್ಲಿ ಒಂದೆರಡು ಹಿಂದೂಸ್ತಾನಿ ಚೀಜ್ ಇವೆ. ಇದನ್ನೆಲ್ಲ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿ ಮಕ್ಕಳಿಗೆ ವಾಟ್ಸಾಪಿನಲ್ಲಿ ಕಳಿಸಬೇಕು. ಎಷ್ಟು ಸ್ಪೇಸ್ ಹೊಡೆದು ಸರಿ ಮಾಡಿದರೂ ಅವರ ಫೋನಿನಲ್ಲಿ ಸಾಹಿತ್ಯ ಸ್ವರದ ಕೆಳಗೆ ಕೂರುವುದಿಲ್ಲ, ತಾಳದ ಗೆರೆಗಳೂ ಎಲ್ಲೆಲ್ಲೋ ಹೋಗುತ್ತವೆ. ಸ್ವರದ ಮೇಲಿನ ಚುಕ್ಕೆ ಟೈಪ್ ಮಾಡುವುದೂ ಗೊತ್ತಾಗುತ್ತಿಲ್ಲ. ಒಳ್ಳೆಯ ಫಾಂಟ್ ಯಾವುದಾದರೂ ಇದೆಯೇ?

ಉತ್ತರ: ಫಾಂಟ್ ಹುಡುಕುವುದನ್ನು ಇವತ್ತೇ ಬಿಟ್ಟುಬಿಡಿ. ಇಂಗ್ಲಿಷ್ ಅಕ್ಷರಗಳಿಗೆ ಪ್ರತಿಯೊಂದೂ ಒಂದೇ ಅಗಲ ಇರುವ ಫಾಂಟುಗಳಿವೆ. ಕನ್ನಡಕ್ಕೆ ಆ ಅನುಕೂಲ ಇಲ್ಲ. 'ಗ' ಕಿರಿದು, 'ಣಾ' ಅಗಲ, 'ರ್ಣ' ಇನ್ನೂ ಅಗಲ. 'ಶ್ರೀ' ಕಣ್ಣಿಗೆ ಒಂದು ಅಕ್ಷರವಾದರೂ ಫೋನಿನ ಲೆಕ್ಕಕ್ಕೆ ನಾಲ್ಕು ಸಂಕೇತಗಳು. ನಿಮ್ಮ ಫೋನಿನಲ್ಲಿ ಸ್ಪೇಸ್ ಹೊಡೆದು ಜೋಡಿಸಿದ್ದು ಇನ್ನೊಂದು ಫೋನಿನ ಇನ್ನೊಂದು ಫಾಂಟಿಗೆ ಹೋದ ಕ್ಷಣವೇ ಜಾರುತ್ತದೆ. ವಾಟ್ಸಾಪಿನಲ್ಲಿ ಮೂರು ಬ್ಯಾಕ್‌ಟಿಕ್ ಹಾಕಿ ಕಳಿಸಿದರೂ ಅಷ್ಟೇ: ಇಂಗ್ಲಿಷ್ ಅಕ್ಷರ ಸಮ ಅಗಲಕ್ಕೆ ಬರುತ್ತದೆ, ಕನ್ನಡ ತನ್ನ ಮಾಮೂಲಿ ಅಗಲದಲ್ಲೇ ಇರುತ್ತದೆ.

ದಾರಿ ಬೇರೆ ಕಡೆ ಇದೆ. ಸ್ವರ ಮತ್ತು ಸಾಹಿತ್ಯವನ್ನು ಕಣ್ಣಳತೆಯಲ್ಲಿ ಜೋಡಿಸಬೇಡಿ, ಎಣಿಕೆಯಲ್ಲಿ ಜೋಡಿಸಿ. ಸ್ವರದ ಸಾಲಿನಲ್ಲಿ ಒಂದು ತಾಳದ ಗೆರೆಯಿಂದ ಇನ್ನೊಂದು ಗೆರೆಯವರೆಗೆ ನಾಲ್ಕು ಘಟಕ, ಅಂದರೆ ಸಮ ಕಾಲದ ನಾಲ್ಕು ಮನೆ, ಇದ್ದರೆ, ಕೆಳಗಿನ ಸಾಹಿತ್ಯದ ಸಾಲಿನಲ್ಲೂ ಅದೇ ಎರಡು ಗೆರೆಗಳ ನಡುವೆ ನಾಲ್ಕೇ ಘಟಕ ಇರಬೇಕು, ಘಟಕಕ್ಕೂ ಘಟಕಕ್ಕೂ ನಡುವೆ ಒಂದೇ ಸ್ಪೇಸ್ ಇರಬೇಕು. ಹೀಗೆ ಬರೆದದ್ದು ಪರದೆಯ ಮೇಲೆ ಸೊಟ್ಟಗೆ ಕಂಡರೂ ತಪ್ಪಾಗುವುದಿಲ್ಲ. ಮೂರನೆಯ ಸ್ವರಕ್ಕೆ ಮೂರನೆಯ ಅಕ್ಷರ, ಅಷ್ಟೇ. ಚಂದ ಕಾಣಬೇಕು ಎಂದಾಗ ಇದೇ ಬರಹವನ್ನು ಕೋಷ್ಟಕಕ್ಕೆ ಸುರಿದರೆ ತಾನಾಗಿಯೇ ಮೇಲೆ ಕೆಳಗೆ ಕೂರುತ್ತದೆ.

ಆದರೆ ಪುಸ್ತಕ ಅಚ್ಚು ಮಾಡಿದವರು ಈ ಲೆಕ್ಕದಲ್ಲಿ ಬರೆದಿಲ್ಲ. ಅವರದು ಕಣ್ಣಿನ ಲೆಕ್ಕ. ಹಾಗಾಗಿ ಫೋಟೊದಲ್ಲಿ ಕಂಡದ್ದನ್ನು ಹಾಗೆಯೇ ಟೈಪ್ ಮಾಡಿದರೆ ಎಣಿಕೆ ಕೂಡುವುದಿಲ್ಲ. ಮೂರು ವಿಷಯಗಳನ್ನು ಬಿಡಿಸಿ ಬರೆಯಬೇಕಾಗುತ್ತದೆ: ಸ್ವರದ ಉದ್ದ, ಸ್ಥಾಯಿ, ವೇಗ.

ಉದ್ದದಿಂದ ಶುರು ಮಾಡೋಣ, ಏಕೆಂದರೆ ಜಾರುವುದು ಹೆಚ್ಚಾಗಿ ಇಲ್ಲಿಯೇ. ಕರ್ನಾಟಕ ಸಂಗೀತದ ಪುಸ್ತಕಗಳಲ್ಲಿ ಹ್ರಸ್ವ 'ಮ' ಒಂದು ಘಟಕ, ದೀರ್ಘ 'ಮಾ' ಎರಡು. ಅಲ್ಪವಿರಾಮ ಒಂದು ಘಟಕದ ಎಳೆತ, ಅರ್ಧವಿರಾಮ ಎರಡು ಘಟಕದ್ದು. ಹಾಗಾಗಿ 'ಮಾ' ಮತ್ತು 'ಮ ,' ಎರಡೂ ಒಂದೇ, 'ಮಾ ,' ಮೂರು ಘಟಕ, 'ಮಾ ;' ನಾಲ್ಕು. ಒಂದೇ ಪುಸ್ತಕದಲ್ಲಿ ಈ ಎಲ್ಲ ಬಗೆಗಳೂ ಬೆರೆತಿರುತ್ತವೆ, ಜಾಗ ಸಾಲದ ಕಡೆ 'ಮಾ', ಜಾಗ ಇದ್ದ ಕಡೆ 'ಮ ,'. ನೀವು ಟೈಪ್ ಮಾಡುವಾಗ ಒಂದೇ ಬಗೆಗೆ ಇಳಿಸಿ: ಸ್ವರದ ಸಾಲಿನಲ್ಲಿ ದೀರ್ಘಾಕ್ಷರವೇ ಬೇಡ, ಎಳೆತಕ್ಕೆಲ್ಲ ಅಲ್ಪವಿರಾಮ. 'ಮಾ' ಕಂಡರೆ 'ಮ ,' ಎಂದು, ಅರ್ಧವಿರಾಮ ಕಂಡರೆ ', ,' ಎಂದು ಬರೆಯಿರಿ. ಹಾಡಿನಲ್ಲಿ ಏನೂ ಬದಲಾಗುವುದಿಲ್ಲ, ಎಣಿಕೆ ಮಾತ್ರ ಬಯಲಿಗೆ ಬರುತ್ತದೆ.

ಸಾಹಿತ್ಯದ ಸಾಲಿನ ನಿಯಮ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ದೀರ್ಘವೋ ಹ್ರಸ್ವವೋ ಅನ್ನುವುದು ಬರೀ ಉಚ್ಚಾರಣೆ, ಕಾಲದ ಲೆಕ್ಕವಲ್ಲ. 'ಗಣನಾಥ'ದ 'ನಾ' ದೀರ್ಘವಾದರೂ ಒಂದೇ ಘಟಕದಲ್ಲಿ ಮುಗಿಯಬಹುದು, 'ಲಂ' ಎರಡು ಘಟಕ ಎಳೆಯಬಹುದು. ಹಾಗಾಗಿ ಸಾಹಿತ್ಯದಲ್ಲಿ ಅಕ್ಷರವನ್ನು ಇದ್ದ ಹಾಗೆ ಬರೆದು, ಹೊಸ ಅಕ್ಷರ ಬಾರದ ಪ್ರತಿ ಘಟಕಕ್ಕೂ ಒಂದು ಅಡ್ಡಗೆರೆ '-' ಇಡಿ. ಪುಸ್ತಕಗಳಲ್ಲಿ ಈ ಜಾಗದಲ್ಲಿ ಚುಕ್ಕೆಗಳಿರುತ್ತವೆ, ಅಥವಾ ಬರೀ ಖಾಲಿ ಬಿಟ್ಟಿರುತ್ತಾರೆ, ಕೆಲವರು 'ಅ' 'ಆ' ಎಂದು ಸ್ವರಾಕ್ಷರ ಬರೆಯುತ್ತಾರೆ. ಎಲ್ಲವನ್ನೂ '-' ಮಾಡಿಬಿಡಿ. ಖಾಲಿ ಬಿಟ್ಟ ಜಾಗವೇ ಅತ್ಯಂತ ಮೋಸದ್ದು, ಯಾಕೆಂದರೆ ಟೈಪ್ ಮಾಡುವವರ ಕಣ್ಣಿಗೆ ಅದು ಏನೂ ಅಲ್ಲ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಮಕ್ಕಳಿಗೆ ಮೊದಲು ಪಾಠವಾಗುವ ಪುರಂದರದಾಸರ ಪಿಳ್ಳಾರಿ ಗೀತೆ 'ಶ್ರೀ ಗಣನಾಥ'ವನ್ನೇ ತೆಗೆದುಕೊಳ್ಳಿ: ಮಲಹರಿ ರಾಗ, ರೂಪಕ ತಾಳ. ಆವರ್ತಕ್ಕೆ ತಾಳದ ಆರು ಅಕ್ಷರ, ಇಲ್ಲಿ ಅಕ್ಷರಕ್ಕೆ ಒಂದೊಂದು ಘಟಕ: ದ್ರುತದ ಎರಡು ಆದ ಮೇಲೆ ಲಘುವಿನ ನಾಲ್ಕು. ಒಂಟಿ ಗೆರೆ ಎರಡರ ನಂತರ, ಜೋಡಿ ಗೆರೆ ಆವರ್ತದ ಕೊನೆಗೆ. ಅಚ್ಚಿನಲ್ಲಿ ಇದರ 'ಲಂಬೋದರ' ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ:

```
ಸ ರಿ | ಮಾ ಗ ರಿ || ಸ ರಿ | ಗ ರಿ ಸಾ ||
ಲಂ   | ಬೋ ದ ರ || ಲ ಕು | ಮಿ ಕ ರ ||
```

ಗೆರೆಗಳ ನಡುವೆ ಎಣಿಸಿ. ಸ್ವರದಲ್ಲಿ 2, 3, 2, 3. ಸಾಹಿತ್ಯದಲ್ಲಿ 1, 3, 2, 3. ಬೇಕಾದದ್ದು 2, 4, 2, 4. ಒಂದೂ ಪೂರ್ತಿ ಕೂಡುವುದಿಲ್ಲ, ಆದರೂ ಪುಸ್ತಕ ತಪ್ಪಲ್ಲ. 'ಮಾ' ಮತ್ತು 'ಸಾ' ಎರಡೆರಡು ಘಟಕ, 'ಲಂ' ನಂತರದ ಖಾಲಿ ಜಾಗ ಒಂದು ಘಟಕ. ಗೆರೆಗಳನ್ನು ಬಿಟ್ಟು ಟೈಪ್ ಮಾಡಿದವರ ಕೈಯಲ್ಲಿ ಇದು 'ಲಂ ಬೋ ದ ರ' ಆಗಿ, 'ಬೋ' ಹೋಗಿ ಎರಡನೆಯ ಸ್ವರವಾದ 'ರಿ'ಗೆ ಅಂಟಿಕೊಂಡು, ಅಲ್ಲಿಂದ ಮುಂದಿನದೆಲ್ಲ ಒಂದು ಮನೆ ಹಿಂದೆ ಸರಿಯುತ್ತದೆ. ನಿಮಗೆ ಆಗುತ್ತಿರುವುದೂ ಬಹುಶಃ ಇದೇ. ಬಿಡಿಸಿ ಬರೆದರೆ:

```
ಸ್ವರ: ಸ ರಿ | ಮ , ಗ ರಿ || ಸ ರಿ | ಗ ರಿ ಸ , ||
ಸಾಹಿತ್ಯ: ಲಂ - | ಬೋ - ದ ರ || ಲ ಕು | ಮಿ ಕ ರ - ||
```

ನೀವು ಓದುತ್ತಿರುವ ಪರದೆಯಲ್ಲಿ ಇವೆರಡು ಸಾಲು ನೇರ ಕೂರದೇ ಇರಬಹುದು, ಪರವಾಗಿಲ್ಲ, ಎಣಿಸಿ ನೋಡಿ. ಇನ್ನೊಂದನ್ನು ಗಮನಿಸಿ. ಸಾಹಿತ್ಯದ ಮೊದಲನೆಯ '-' ಮೇಲೆ 'ರಿ' ಇದೆ, ಎರಡನೆಯದರ ಮೇಲೆ ಅಲ್ಪವಿರಾಮ ಇದೆ. ಮೊದಲನೆಯ ಕಡೆ 'ಲಂ' ಅನ್ನುವ ಉಚ್ಚಾರ ಮುಂದುವರಿದು ಸ್ವರ ಮಾತ್ರ ಷಡ್ಜದಿಂದ ರಿಷಭಕ್ಕೆ ಏರುತ್ತದೆ; ಎರಡನೆಯ ಕಡೆ ಸ್ವರವೂ ನಿಂತಿದೆ, ಅಕ್ಷರವೂ ನಿಂತಿದೆ. ಈ ಎರಡು ಸಂಗತಿಗಳನ್ನು ಒಂದೇ ಗುರುತಿನಲ್ಲಿ ಬರೆದುಬಿಟ್ಟರೆ ಹಾಡುವವರಿಗೆ ತಿಳಿಯುವುದಿಲ್ಲ. ಅದಕ್ಕೇ ಸ್ವರಕ್ಕೆ ಅಲ್ಪವಿರಾಮ, ಸಾಹಿತ್ಯಕ್ಕೆ ಅಡ್ಡಗೆರೆ. ಸಾಲಿನ ಶುರುವಿಗೆ 'ಸ್ವರ:' 'ಸಾಹಿತ್ಯ:' ಎಂದು ಹಾಕುವುದೂ ಅಲಂಕಾರಕ್ಕಲ್ಲ. ಇದೇ ಗೀತೆಯ 'ಕರುಣಾಸಾಗರ'ದಲ್ಲಿ ಬರುವ 'ಸಾ' ಸಾಹಿತ್ಯ. ಅಚ್ಚಿನ ಸ್ವರದ ಸಾಲಿನ 'ಸಾ' ಎರಡು ಘಟಕದ ಷಡ್ಜ. ಸಾಲುಗಳು ಒಡೆದು ಬೇರೆಯಾದಾಗ ಯಾವುದು ಯಾವುದೆಂದು ತಿಳಿಯಲು ಆ ಹೆಸರು ಬೇಕು.

ಇನ್ನು ಚುಕ್ಕೆ. ಸ್ವರದ ಮೇಲೆ ಚುಕ್ಕೆ ತಾರಸ್ಥಾಯಿ, ಕೆಳಗೆ ಚುಕ್ಕೆ ಮಂದ್ರ. ಅಕ್ಷರದ ಮೇಲೆ ಕೂರುವ ಚುಕ್ಕೆಗೆ ಯೂನಿಕೋಡಿನಲ್ಲಿ ಸಂಕೇತ ಇದೆ, ಆದರೆ ಅದು ಕನ್ನಡ ಅಕ್ಷರದ ಮೇಲೆ ಸರಿಯಾಗಿ ಕೂರುವ ಭರವಸೆ ಇಲ್ಲ. 'ರಿ' 'ನಿ' ಅಂಥ ಗುಣಿತಾಕ್ಷರದ ಪಕ್ಕಕ್ಕೆ ಸರಿಯುತ್ತದೆ, ಕೆಲವು ಕಡೆ ಚುಕ್ಕೆಗಳ ಒಂದು ಬಳೆಯೇ ಎದ್ದುಬರುತ್ತದೆ. ಅದನ್ನು ಬಿಟ್ಟು ಅಕ್ಷರದ *ನಂತರ* ಕೀಲಿಮಣೆಯಲ್ಲಿರುವ ಗುರುತು ಇಡಿ: ತಾರಕ್ಕೆ ಸ' ಎಂದು ಮೇಲುಕೊಂಡಿ, ಮಂದ್ರಕ್ಕೆ ನಿ. ಎಂದು ಚುಕ್ಕೆ. ಅಕ್ಷರದ ಮುಂಚೆ ಇಡಬೇಡಿ. ಕೋಷ್ಟಕದ ತಂತ್ರಾಂಶದಲ್ಲಿ ಮನೆಯ ಮೊದಲ ಅಕ್ಷರ ಮೇಲುಕೊಂಡಿ ಆದರೆ ಅದು 'ಇದು ಪಠ್ಯ' ಎಂಬ ಸೂಚನೆ ಎಂದು ತಿಳಿದು ಮರೆಯಾಗುತ್ತದೆ, ತಾರಷಡ್ಜ ಸದ್ದಿಲ್ಲದೆ ಮಧ್ಯಷಡ್ಜ ಆಗಿಬಿಡುತ್ತದೆ. ನಕ್ಷತ್ರ, ಕೆಳಗೆರೆ, ಅಲೆಗೆರೆ ಈ ಮೂರನ್ನೂ ಸ್ಥಾಯಿಗೆ ಬಳಸಬೇಡಿ. ವಾಟ್ಸಾಪ್ ಅವುಗಳನ್ನು ದಪ್ಪ, ಓರೆ, ಹೊಡೆದುಹಾಕಿದ ಅಕ್ಷರಗಳ ಸೂಚನೆ ಎಂದುಕೊಂಡು ನುಂಗುತ್ತದೆ. ಫೋನಿನ ಕೀಲಿಮಣೆಯಲ್ಲಿ ಎರಡು ಬಾರಿ ಸ್ಪೇಸ್ ಒತ್ತಿದರೆ ತಾನಾಗಿ ಪೂರ್ಣವಿರಾಮ ಬೀಳುವ ಸೌಲಭ್ಯ ಇರುತ್ತದಲ್ಲ, ಅದನ್ನು ಆಫ್ ಮಾಡಿಬಿಡಿ. ಇಲ್ಲದಿದ್ದರೆ ಬೇಡದ ಸ್ವರಗಳೆಲ್ಲ ಮಂದ್ರಕ್ಕೆ ಇಳಿಯುತ್ತವೆ.

ಫೋಟೊದಲ್ಲಿ ಚುಕ್ಕೆ ಇದೆಯೋ ಇಲ್ಲವೋ ಅನ್ನುವುದೇ ಅನುಮಾನ ಆದಾಗ? ಹಳೆಯ ಕಾಗದದಲ್ಲಿ ಮಸಿಯ ಸಿಡಿತ, ಕಾಗದದ ಕಲೆ, ಹಿಂದಿನ ಪುಟದ ಅಚ್ಚಿನ ನೆರಳು ಎಲ್ಲ ಚುಕ್ಕೆಯಂತೆಯೇ ಕಾಣುತ್ತವೆ. ಪುಟದ ಹಿಂದೆ ಕಪ್ಪು ಹಾಳೆ ಇಟ್ಟು ಫೋಟೊ ತೆಗೆದರೆ ಹಿಂಬದಿಯ ಅಚ್ಚಿನ ನೆರಳು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಹೊಲಿಗೆಯ ಹತ್ತಿರ ಪುಟ ಬಾಗಿದ ಕಡೆ ಸಾಲುಗಳು ಒತ್ತಿಕೊಂಡು, ಮೇಲಿನ ಸಾಲಿಗೆ ಸೇರಿದ ಚುಕ್ಕೆ ಕೆಳಗಿನದಕ್ಕೆ ಸೇರಿದಂತೆ ಕಾಣುತ್ತದೆ. ಆ ಭಾಗವನ್ನು ಮಾತ್ರ ಪುಟ ಬಿಡಿಸಿ ಹಿಡಿದು, ನೇರ ಮೇಲಿನಿಂದ ಇನ್ನೊಂದು ಫೋಟೊ ತೆಗೆಯಿರಿ. ಆಮೇಲೆ ರಾಗದ ನಡೆ ನೋಡಿ. ಇದೇ ಗೀತೆಯ ಮೊದಲ ಸಾಲು:

```
ಸ್ವರ: ಮ ಪ | ದ ಸ' ಸ' ರಿ' || ರಿ' ಸ' | ದ ಪ ಮ ಪ ||
ಸಾಹಿತ್ಯ: ಶ್ರೀ - | ಗ ಣ ನಾ ಥ || ಸಿಂ ಧೂ | ರ - ವ ರ್ಣ ||
```

ಇಲ್ಲಿ 'ಸ ಸ ರಿ ರಿ ಸ' ಐದಕ್ಕೂ ಮೇಲೆ ಚುಕ್ಕೆ ಇರಬೇಕು. ಮೂರಕ್ಕೆ ಮಾತ್ರ ಕಂಡಿತು ಅನ್ನಿ. ಆಗ ಮಧ್ಯಸ್ಥಾಯಿಯ ರಿಷಭಕ್ಕೆ ಧಪ್ಪನೆ ಬಿದ್ದು ಮತ್ತೆ ಧೈವತಕ್ಕೆ ಹಾರಬೇಕಾಗುತ್ತದೆ. ಮೊದಲ ಪಾಠದ ಗೀತೆಯಲ್ಲಿ ಅಂಥ ಹಾರಾಟ ಇರುವುದಿಲ್ಲ. ಪಕ್ಕಪಕ್ಕದ ಸ್ವರಗಳ ನಡುವೆ ಕಾರಣವಿಲ್ಲದೆ ದೊಡ್ಡ ಜಿಗಿತ ಬಂದರೆ ಮೊದಲು ಚುಕ್ಕೆಯನ್ನೇ ಶಂಕಿಸಿ.

ಆದರೆ ರಾಗಲಕ್ಷಣ ಹಿಡಿದು ಪುಸ್ತಕವನ್ನು ತಿದ್ದಲು ಹೋಗಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಮಲಹರಿಯ ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ದ ಪ ಮ ಗ ರಿ ಸ. ನಿಷಾದ ಇಲ್ಲವೇ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಟೈಪ್ ಮಾಡಿದ್ದರಲ್ಲಿ 'ನಿ' ಕಂಡರೆ ಓದುವಾಗ ಎಡವಿದ್ದೀರಿ ಎಂದೇ ಅರ್ಥ. ಆದರೆ ಮೇಲೆ 'ಲಕುಮಿಕರ'ದ ಸ್ವರ ನೋಡಿ: ಸ ರಿ ಗ ರಿ ಸ. ಏರುವಾಗ ಗಾಂಧಾರ! ಲಕ್ಷಣ ಓದಿದ ಉತ್ಸಾಹಿ ಇದನ್ನು 'ಸ ರಿ ಮ ರಿ ಸ' ಎಂದು ತಿದ್ದಿಬಿಡಬಹುದು. ಆದರೆ ಪಾಠಕ್ಕೆ ಬಂದಿರುವುದೇ 'ಸ ರಿ ಗ ರಿ ಸ', ಎಲ್ಲರೂ ಹಾಡುವುದೂ ಅದನ್ನೇ. ರಾಗದ ಲೆಕ್ಕ 'ಇಲ್ಲಿ ಇನ್ನೊಮ್ಮೆ ಫೋಟೊ ನೋಡು' ಎಂದು ಬೆರಳು ತೋರಿಸಲಿ, ತೀರ್ಪು ಫೋಟೊದ್ದು. ಸಾಹಿತ್ಯಕ್ಕೂ ಇದೇ ಮಾತು. 'ಸಿಂಧೂರ'ವೋ 'ಸಿಂದೂರ'ವೋ ಎಂಬ ಚರ್ಚೆ ಬೇರೆ, ನಿಮ್ಮ ಪುಸ್ತಕದಲ್ಲಿ ಇದ್ದದ್ದನ್ನು ಬರೆಯಿರಿ. ಅಚ್ಚಿನ ತಪ್ಪು ಎಂದು ಖಚಿತವಾದರೆ ತಿದ್ದಿ, ಏನು ತಿದ್ದಿದಿರಿ ಎಂದು ಕೆಳಗೆ ಒಂದು ಸಾಲು ಹಾಕಿ.

ಒತ್ತಕ್ಷರದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 'ವರ್ಣ' ಅನ್ನುವುದನ್ನು ಹಾಡುವಾಗ ಬಾಯಿ 'ವರ್' ಎಂದು ಮುಚ್ಚಿ 'ಣ' ಎಂದು ತೆರೆದರೂ, ಬರೆಯುವಾಗ 'ವ ರ್ಣ' ಎಂದೇ ಒಡೆಯಿರಿ; ಕನ್ನಡ ಓದುಗನ ಕಣ್ಣಿಗೆ ಅದೇ ರೂಢಿ. ಸೊನ್ನೆ ಯಾವಾಗಲೂ ಹಿಂದಿನ ಅಕ್ಷರದ ಜೊತೆಗೆ: 'ಸಿಂ', 'ಲಂ'. ಇದನ್ನು ಬೇರೆ ಘಟಕ ಮಾಡಿದರೆ ಎಣಿಕೆ ಒಂದು ಹೆಚ್ಚುತ್ತದೆ.

ವೇಗದ ಗೆರೆ ನಿಮಗೆ ವರ್ಣಗಳಲ್ಲಿ ಸಿಗುತ್ತದೆ. ಸ್ವರಗಳ ಮೇಲೆ ಒಂದು ಅಡ್ಡಗೆರೆ ಎಳೆದಿದ್ದರೆ ಅವು ಇಮ್ಮಡಿ ವೇಗ, ಎರಡು ಗೆರೆ ಇದ್ದರೆ ನಾಲ್ಮಡಿ. ಟೈಪ್ ಮಾಡುವಾಗ ಒಂದು ಘಟಕದೊಳಗೆ ಬರುವ ಸ್ವರಗಳನ್ನು ಸ್ಪೇಸ್ ಇಲ್ಲದೆ ಆವರಣದಲ್ಲಿ ಕೂಡಿಸಿ: (ಗರಿ) ಎಂದರೆ ಒಂದು ಘಟಕದಲ್ಲಿ ಎರಡು, (ಗರಿಸರಿ) ಎಂದರೆ ನಾಲ್ಕು. ಎಣಿಸುವಾಗ ಇಡೀ ಆವರಣ ಒಂದೇ. ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದು ಫೋಟೊದಲ್ಲಿ ಮಸುಕಾಗಿದ್ದರೆ ಹೆದರಬೇಡಿ, ಆ ಭಾಗದ ಒಟ್ಟು ಎಣಿಕೆಯೇ ಹೇಳುತ್ತದೆ: ನಾಲ್ಕಕ್ಕೆ ಐದು ಸ್ವರ ಬಂದಿದ್ದರೆ ಯಾವುದೋ ಎರಡು ಒಂದು ಗೆರೆಯ ಕೆಳಗಿವೆ. ಯಾವ ಎರಡು ಅನ್ನುವುದಕ್ಕೆ ಮಾತ್ರ ಪುಸ್ತಕಕ್ಕೇ ಹೋಗಬೇಕು.

ಈಗ, ಫೋಟೊ ಓದಿ ತಾನೇ ಟೈಪ್ ಮಾಡಿಕೊಡುವ ತಂತ್ರಾಂಶ ಇಷ್ಟು ಕಷ್ಟ ಯಾಕೆ ತಪ್ಪಿಸಬಾರದು ಎಂದು ಕೇಳಬಹುದು. ಸಾಹಿತ್ಯದ ಪೂರ್ಣ ಪಾಠಕ್ಕೆ ಧಾರಾಳವಾಗಿ ಬಳಸಿ, ಸ್ವರಕ್ಕೆ ಬೇಡ. ಅಂಥ ತಂತ್ರಾಂಶ ಓದುವುದು ಪದಗಳನ್ನು. ಬಿಡಿ ಬಿಡಿ ಅಕ್ಷರಗಳ ಸಾಲು ಅದಕ್ಕೆ ಅರ್ಥವಿಲ್ಲದ್ದು, ಮೇಲೆ ಕೆಳಗಿನ ಚುಕ್ಕೆ ಬರೀ ಕಸ, ಅದನ್ನು ಗುಡಿಸಿ ಹಾಕುವುದೇ ಅದರ ಕೆಲಸ. 'ಮ' ಇದ್ದದ್ದು 'ವು' ಆಗುತ್ತದೆ, 'ಪ' 'ವ' ಆಗುತ್ತದೆ, 'ದ' 'ಧ' ಅದಲುಬದಲಾಗುತ್ತವೆ. ತಾಳದ ಗೆರೆ ಇಂಗ್ಲಿಷಿನ ಒಂದು ಅಥವಾ ಎಲ್ ಅಕ್ಷರ ಆಗುತ್ತದೆ, ಜೋಡಿಗೆರೆ ಹನ್ನೊಂದಾಗುತ್ತದೆ. 'ರ್ಣ'ದ ಅರ್ಕಾವತ್ತು ಕನ್ನಡದ ಒಂಬತ್ತಾಗಿ 'ವಣ೯' ಎಂದು ಬರುತ್ತದೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುವುದರಿಂದ ಇದು ಸಿಕ್ಕಿಬೀಳುವುದೇ ಇಲ್ಲ, ಹುಡುಕಿದಾಗ ಪದ ಸಿಗದಿದ್ದಾಗಷ್ಟೇ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಟೆಸೆರಾಕ್ಟ್ ಎಂಬ ಇಂಥ ತಂತ್ರಾಂಶವನ್ನು ಅದರ ಕನ್ನಡ ಕಡತದ ಸಮೇತ ಹಾಕಿಕೊಂಡಿದ್ದರೆ ಸಾಹಿತ್ಯದ ಪುಟಕ್ಕೆ ಇಷ್ಟು ಸಾಕು:

```
tesseract page12.png page12 -l kan --psm 6
```

ಸ್ವರವನ್ನು ಕೈಯಲ್ಲೇ ಟೈಪ್ ಮಾಡಿ. ಏಳೇ ಅಕ್ಷರ, ನಾಲ್ಕೈದು ಗುರುತು. ತಂತ್ರಾಂಶದ ತಪ್ಪು ಹುಡುಕಿ ತಿದ್ದುವುದಕ್ಕಿಂತ ಇದು ಬೇಗ ಆಗುತ್ತದೆ, ತಿದ್ದುವಾಗ ಕಣ್ಣು ತಪ್ಪಿಸಿಕೊಳ್ಳುವುದೂ ಇಲ್ಲ. ಗುರುಗಳ ಹತ್ತಿರ ಯಾರಾದರೂ ಮೊದಲೇ ಟೈಪ್ ಮಾಡಿದ ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಕಡತ ಇದ್ದರೆ ಖುಷಿಪಡುವ ಮೊದಲು ಫೋನಿನಲ್ಲಿ ತೆರೆದು ನೋಡಿ. ಯೂನಿಕೋಡ್ ಅಲ್ಲದ ಕಡತವಾದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಅದನ್ನು ಪರಿವರ್ತಿಸಿಕೊಳ್ಳಬೇಕು.

ಕ್ರಮ ಹೇಳುವುದಾದರೆ, ಒಂದು ಆವರ್ತದ ಸ್ವರ ಬರೆದು ಎಣಿಸಿ, ಆಮೇಲೆ ಅದೇ ಆವರ್ತದ ಸಾಹಿತ್ಯ. ಪುಟದ ಸ್ವರವೆಲ್ಲ ಮುಗಿಸಿ ಆಮೇಲೆ ಸಾಹಿತ್ಯಕ್ಕೆ ಕೈ ಹಾಕಿದರೆ ಒಂದು ಆವರ್ತ ಬಿಟ್ಟುಹೋದದ್ದು ಪುಟದ ಕೊನೆಗೆ ಬಂದಾಗಲೇ ತಿಳಿಯುವುದು. ಪ್ರತಿ ಕೃತಿಯ ತಲೆಗೆ ರಾಗ, ಮೇಳದ ಸಂಖ್ಯೆ, ಆರೋಹಣ ಅವರೋಹಣ, ತಾಳ, ಒಂದು ಆವರ್ತಕ್ಕೆ ಎಷ್ಟು ಘಟಕ ಎಂದು ಬರೆಯಿರಿ. ಮಲಹರಿ 15ನೇ ಮೇಳದ ಜನ್ಯ ಎಂದು ತಲೆಯಲ್ಲಿ ಹೇಳಿಬಿಟ್ಟರೆ ರಿಷಭ ಧೈವತ ಯಾವುವು ಎಂದು ಪ್ರತಿ ಸ್ವರದ ಪಕ್ಕದಲ್ಲಿ ಹೇಳಬೇಕಾಗಿಲ್ಲ. ಆದಿತಾಳದ ವರ್ಣಕ್ಕೆ ಸಾಮಾನ್ಯವಾಗಿ ತಾಳದ ಒಂದು ಅಕ್ಷರಕ್ಕೆ ನಾಲ್ಕು ಘಟಕ, ಹಾಗಾಗಿ ಗೆರೆಗಳ ನಡುವೆ 16, 8, 8 ಬರಬೇಕು. ಕೃತಿ ತಾಳದ ಪೆಟ್ಟಿಗೆ ಸರಿಯಾಗಿ ಶುರುವಾಗದೆ ಒಂದಿಷ್ಟು ಬಿಟ್ಟು ಎತ್ತಿಕೊಂಡರೆ, ಬಿಟ್ಟ ಘಟಕಗಳನ್ನು ಸ್ವರದಲ್ಲಿ ಅಲ್ಪವಿರಾಮ, ಸಾಹಿತ್ಯದಲ್ಲಿ ಅಡ್ಡಗೆರೆಯಿಂದ ತುಂಬಿಸಿ. ಅಲ್ಲಿ ಖಾಲಿ ಬಿಟ್ಟರೆ ಇಡೀ ಕೃತಿಯ ಎಡುಪು ಕೆಡುತ್ತದೆ.

ಎಣಿಸುವ ಕೆಲಸ 60 ಪುಟಕ್ಕೆ ಬೇಸರದ್ದೇ. ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ ಇದು ಎಣಿಸಿಕೊಡುತ್ತದೆ:

```
import sys
TALA = [2, 4]          # ರೂಪಕ; ಆದಿ ವರ್ಣಕ್ಕೆ [16, 8, 8]

def bars(line):
    body = line.split(":", 1)[1].replace("||", "|")
    return [b.split() for b in body.split("|") if b.strip()]

for n, line in enumerate(open(sys.argv[1], encoding="utf-8-sig"), 1):
    if line.startswith("ಸ್ವರ:"):
        sv = bars(line)
    elif line.startswith("ಸಾಹಿತ್ಯ:"):
        sa = bars(line)
        if len(sv) != len(sa):
            print(n, "ಗೆರೆಗಳ ಎಣಿಕೆ ಬೇರೆ")
        for i, (a, b) in enumerate(zip(sv, sa)):
            if not len(a) == len(b) == TALA[i % len(TALA)]:
                print(n, "ಭಾಗ", i + 1, len(a), len(b))
```

ಏನೂ ಮುದ್ರಿಸದಿದ್ದರೆ ಎಣಿಕೆ ಸರಿ. ಒಂದು ಸಾಲು ಬಂದರೆ ಅದರಲ್ಲಿ ಸಾಲಿನ ಸಂಖ್ಯೆ, ಎಷ್ಟನೆಯ ಭಾಗ, ಸ್ವರ ಎಷ್ಟು, ಸಾಹಿತ್ಯ ಎಷ್ಟು ಎಂದಿರುತ್ತದೆ. ಪ್ರತಿ ಸಾಲೂ ಆವರ್ತದ ಮೊದಲಿನಿಂದ ಶುರುವಾಗಬೇಕು, ಇಲ್ಲದಿದ್ದರೆ ಸುಳ್ಳು ದೂರು ಹೇಳುತ್ತದೆ. ಎರಡು ತಪ್ಪು ಒಂದನ್ನೊಂದು ಸರಿದೂಗಿಸಿದ ಕಡೆ, ಅಂದರೆ 'ಲಂ - ಬೋ' ಇರಬೇಕಾದ ಕಡೆ 'ಲಂ ಬೋ -' ಆಗಿದ್ದರೆ ಎಣಿಕೆಗೆ ಅದು ಸಿಕ್ಕುವುದಿಲ್ಲ. ಅದಕ್ಕೆ ಕೈಯಲ್ಲಿ ತಾಳ ಹಾಕಿಕೊಂಡು ಟೈಪ್ ಮಾಡಿದ್ದನ್ನೇ ನೋಡಿ ಹಾಡಬೇಕು, ಇನ್ನೊಬ್ಬರು ಪುಸ್ತಕ ಹಿಡಿದಿರಬೇಕು. ಹಾಡು ಬಾಯಿಪಾಠ ಇರುವವರು ಈ ಕೆಲಸಕ್ಕೆ ಒಳ್ಳೆಯವರಲ್ಲ. ಕಣ್ಣು ಕಾಗದದ ಮೇಲಿದ್ದರೂ ನಾಲಿಗೆ ನೆನಪಿನಿಂದ ಹಾಡಿಬಿಡುತ್ತದೆ.

ಮಕ್ಕಳಿಗೆ ಕಳಿಸುವ ವಿಚಾರಕ್ಕೆ ಬಂದರೆ, ವಾಟ್ಸಾಪಿನಲ್ಲಿ ಬರಹವಾಗಿಯೇ ಕಳಿಸುವುದಾದರೆ ಒಂದು ಸಾಲಿಗೆ ಒಂದೇ ಆವರ್ತ ಇಡಿ. ಫೋನಿನ ಅಗಲಕ್ಕೆ ಹಿಡಿಸದ ಸಾಲು ತಾನಾಗಿ ಮಡಿಸಿಕೊಳ್ಳುತ್ತದೆ: ಸ್ವರದ ಬಾಲ ಒಂದು ಸಾಲು, ಆಮೇಲೆ ಸಾಹಿತ್ಯದ ತಲೆ, ಹೀಗೆ ಹೆಣೆದುಕೊಂಡರೆ ಓದುವುದು ಆಗದ ಮಾತು. ರೂಪಕದ ಆರು ಘಟಕ ಸುಲಭವಾಗಿ ಹಿಡಿಯುತ್ತವೆ. ಆದಿತಾಳದ 32 ಹಿಡಿಯುವುದಿಲ್ಲ. ಅದನ್ನು ಗೆರೆ ಇದ್ದ ಕಡೆಗೇ ಒಡೆಯಿರಿ, ಲಘುವಿನ 16 ಕೂಡ ಉದ್ದವಾದರೆ ಎಂಟೆಂಟಾಗಿ. ಲಘುವಿನ ನಡುವೆ ಹೊಸ ಗೆರೆ ಮಾತ್ರ ಹುಟ್ಟಿಸಬೇಡಿ, ತಾಳದ ಅಂಗ ಬದಲಾದಂತೆ ಓದಿಕೊಳ್ಳುತ್ತಾರೆ. ಹೀಗೆ ಒಡೆದ ಪ್ರತಿ ಮೇಲಿನ ಪರೀಕ್ಷೆಗೆ ಬರುವುದಿಲ್ಲ, ಹಾಗಾಗಿ ಮೂಲ ಕಡತವನ್ನು ಒಡೆಯದೆ ಇಟ್ಟುಕೊಳ್ಳಿ.

ನೇರ ಮೇಲೆ ಕೆಳಗೆ ಕಾಣಲೇಬೇಕು ಎಂದರೆ ಕೋಷ್ಟಕದ ತಂತ್ರಾಂಶ. ಒಂದು ಘಟಕಕ್ಕೆ ಒಂದು ಮನೆ, ಮೇಲಿನ ಸಾಲು ಸ್ವರ, ಕೆಳಗಿನದು ಸಾಹಿತ್ಯ. ಗೆರೆಗೆ ಮನೆಯ ಅಂಚು ಬಳಿಯಬೇಡಿ, '|' ಹಾಕಿದ ಒಂದು ಕಿರಿದಾದ ಕಂಬವನ್ನೇ ಕೊಡಿ. ಅಂಚು ಬರೀ ಅಲಂಕಾರ, ಬೇರೆ ಕಡೆ ನಕಲು ಮಾಡಿದಾಗ ಕಳಚಿಹೋಗುತ್ತದೆ. ಉಳಿಸುವಾಗ ಅಲ್ಪವಿರಾಮದಿಂದ ಮನೆಗಳನ್ನು ಬೇರ್ಪಡಿಸುವ ಬಗೆ ಬೇಡ. ನಿಮ್ಮ ಎಳೆತದ ಗುರುತೇ ಅಲ್ಪವಿರಾಮ. ಟ್ಯಾಬ್‌ನಿಂದ ಬೇರ್ಪಡಿಸುವುದನ್ನು ಆರಿಸಿ. ಮಕ್ಕಳಿಗೆ ಪಿಡಿಎಫ್ ಮಾಡಿ ಕಳಿಸಿ, ನಿಮ್ಮ ಹತ್ತಿರ ಮಾತ್ರ ಮೂಲ ಬರಹ ಇರಲಿ. ಪಿಡಿಎಫ್ ಚಂದ, ಆದರೆ ಮುಂದೆ ತಿದ್ದಲು ಬಾರದು. ಅದರಿಂದ ಕನ್ನಡವನ್ನು ನಕಲು ಮಾಡಿ ತೆಗೆದರೆ ಒತ್ತಕ್ಷರಗಳು ಹಲವು ಸಲ ಛಿದ್ರವಾಗಿ ಬರುತ್ತವೆ.

ಕನ್ನಡ ಓದಲು ಬಾರದ ಮಕ್ಕಳೂ ನಿಮ್ಮ ಗುಂಪಿನಲ್ಲಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾಗಬಹುದು. ಆಗ ಸಮ ಅಗಲದ ಫಾಂಟ್ ನಿಜವಾಗಿ ಕೆಲಸಕ್ಕೆ ಬರುತ್ತದೆ, ಪ್ರತಿ ಘಟಕಕ್ಕೆ ನಾಲ್ಕು ಅಕ್ಷರದ ಜಾಗ ಕೊಟ್ಟರೆ ಸಾಕು:

```
s   r   | m   ,   g   r   || s   r   | g   r   s   ,   ||
lam -   | bo  -   da  ra  || la  ku  | mi  ka  ra  -   ||
```

ಅಲ್ಲಿನ ಅಪಾಯ ದೊಡ್ಡಕ್ಷರ ಸಣ್ಣಕ್ಷರದ್ದು. ಕರ್ನಾಟಕ ಸಂಗೀತದಲ್ಲಿ ಹಲವರು ದೊಡ್ಡಕ್ಷರವನ್ನು ಎರಡು ಘಟಕದ ಸ್ವರಕ್ಕೆ ಬಳಸುತ್ತಾರೆ, ಕೆಲವರು ತಾರಸ್ಥಾಯಿಗೆ. ಹಿಂದೂಸ್ತಾನಿಯವರಿಗೆ ದೊಡ್ಡ R ಶುದ್ಧ ರಿಷಭ, ಸಣ್ಣ r ಕೋಮಲ. ಮಧ್ಯಮಕ್ಕೆ ಬಂದಾಗ ಸಣ್ಣ m ಶುದ್ಧ, ದೊಡ್ಡ M ತೀವ್ರ. ಒಂದೇ ಬರಹ ಮೂರು ಥರ ಓದಿಸಿಕೊಳ್ಳುತ್ತದೆ. ಗೀತೆ ವರ್ಣಗಳಿಗೆ ಎಲ್ಲವೂ ಸಣ್ಣಕ್ಷರ ಎಂದು ಗೊತ್ತು ಮಾಡಿಕೊಂಡು ತಲೆಯಲ್ಲಿ ಒಂದು ಸಾಲು ಬರೆದುಬಿಡಿ. ಫೋನ್ ಸಾಲಿನ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುತ್ತದೆ, ಆ ಸೌಲಭ್ಯವನ್ನೂ ಆಫ್ ಮಾಡಿ.

ಕೊನೆಯ ಪುಟಗಳ ಹಿಂದೂಸ್ತಾನಿ ಚೀಜುಗಳನ್ನು ಬೇರೆ ಕಡತದಲ್ಲಿ, ಬೇರೆ ಸೂಚಿಯೊಂದಿಗೆ ಇಡಿ. ಅವು ಭಾತಖಂಡೆ ಪದ್ಧತಿಯಲ್ಲಿದ್ದರೆ ಸ್ವರದ ಕೆಳಗಿನ ಅಡ್ಡಗೆರೆ ವೇಗವಲ್ಲ, ಕೋಮಲ. ಮಧ್ಯಮದ ಮೇಲಿನ ನೇರ ಗೆರೆ ತೀವ್ರ. ಹಲವು ಸ್ವರಗಳ ಕೆಳಗೆ ಬಟ್ಟಲಿನಂತೆ ಬಾಗಿದ ಗೆರೆ ಒಂದು ಮಾತ್ರೆಯೊಳಗಿನ ಕೂಟ. ಈ ಬಟ್ಟಲನ್ನೇ ನೀವು ಆವರಣವಾಗಿ ಬರೆಯಬೇಕಾದದ್ದು. ಸಾಹಿತ್ಯ ದೇವನಾಗರಿಯಲ್ಲಿದ್ದರೆ ಅಕ್ಷರದ ಮೇಲಿನ ಚುಕ್ಕೆ ಅನುಸ್ವಾರ, ಅದರ ಮೇಲಿನ ಸಾಲಿನ ಮಂದ್ರದ ಚುಕ್ಕೆಯ ಜೊತೆ ಗೊಂದಲವಾಗುತ್ತದೆ. ಇಂಗ್ಲಿಷಿನ ಎಸ್ ಥರ ಕಾಣುವ ಅವಗ್ರಹ ಎಳೆತದ ಗುರುತು, ಷಡ್ಜ ಅಲ್ಲ. ತಾಳದ ಗುರುತು ಗೆರೆಯ ಜೊತೆ ಸಾಲಿನ ಕೆಳಗೂ ಇರುತ್ತದೆ: ಸಮಕ್ಕೆ ಗುಣಾಕಾರ ಚಿಹ್ನೆ, ಖಾಲಿಗೆ ಸೊನ್ನೆ, ಉಳಿದ ತಾಳಿಗಳಿಗೆ 2, 3. ಇವುಗಳಿಗಾಗಿ 'ತಾಳ:' ಎಂಬ ಮೂರನೆಯ ಸಾಲು ತೆರೆದು, ಆ ಗುರುತನ್ನು ಅದೇ ಎಣಿಕೆಯ ಮನೆಯಲ್ಲಿ ಇಟ್ಟು ಉಳಿದ ಮನೆಗಳಿಗೆ '-' ತುಂಬಿಸಿ. ತೀನತಾಳದ ಬಂದಿಶು ಬಹಳ ಸಲ ಖಾಲಿಯಿಂದ, ಒಂಬತ್ತನೆಯ ಮಾತ್ರೆಯಿಂದ ಎತ್ತಿಕೊಳ್ಳುವುದರಿಂದ ಸಾಲಿನ ಮೊದಲ ಮನೆ ಸಮ ಎಂದುಕೊಳ್ಳುವಂತಿಲ್ಲ. ಸೊನ್ನೆ ಎಲ್ಲಿದೆ ನೋಡಿ, ಅಲ್ಲಿಂದ ಎಣಿಸಿ.